ಕೊಳ್ಳುವವರು ನಂಬುವಂಥ ಕೇಸ್ ಸ್ಟಡಿ ಬರೆಯುವುದು ಹೇಗೆ: ಹಾಳೆತಟ್ಟೆ ಘಟಕವೊಂದರ ಲೆಕ್ಕ ಇಟ್ಟುಕೊಂಡು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆ ಅಡಿಕೆ ಹಾಳೆಯ ತಟ್ಟೆ ಮಾಡುವ ಸಣ್ಣ ಘಟಕಗಳಿಗೆ ಮಳೆಗಾಲದಲ್ಲಿ ಒಂದೇ ತಲೆನೋವು: ಬೂಷ್ಟು. ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ತೆಗೆದ ತಟ್ಟೆಯಲ್ಲಿ ತೇವ ಪೂರ್ತಿ ಹೋಗಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು ಸಿಗುವುದೂ ಇಲ್ಲ. ಇಂಥ ಘಟಕಗಳಿಗೆ ಕರೆಂಟಿನ ಡ್ರೈಯರ್ ಮಾರುವ ಒಂದು ಸಣ್ಣ ಕಂಪೆನಿ ಇದೆ ಎಂದಿಟ್ಟುಕೊಳ್ಳಿ. ಅದು ತನ್ನ ಒಬ್ಬ ಗ್ರಾಹಕರ ಕೇಸ್ ಸ್ಟಡಿ, ಅಂದರೆ ಡ್ರೈಯರ್ ಕೊಂಡ ಮೇಲೆ ಅವರ ಘಟಕದಲ್ಲಿ ಏನಾಯಿತು ಎಂಬ ಬರಹ, ಬರೆಯಬೇಕು. ಓದುವವರು ಇನ್ನೊಂದು ಘಟಕದ ಯಜಮಾನರು, ಲಕ್ಷದ ಹತ್ತಿರ ದುಡ್ಡು ಹಾಕಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿರುವವರು. ಕೆಳಗಿನ ಘಟಕ, ಡ್ರೈಯರ್, ಅಂಕಿಗಳು ಎಲ್ಲ ವಿಧಾನ ತೋರಿಸಲು ನಾವೇ ಕಟ್ಟಿಕೊಂಡವು. ನಿಮ್ಮ ಸರಕು ಸಾಫ್ಟ್‌ವೇರ್ ಆದರೂ ಪಂಪ್‌ಸೆಟ್ ಆದರೂ ಹೆಜ್ಜೆಗಳು ಇವೇ.

ಮೊದಲಿಗೆ, ಇಂಥ ಬರಹಗಳಲ್ಲಿ ಹೆಚ್ಚಾಗಿ ಕಾಣುವ ವಾಕ್ಯ ಒಂದನ್ನು ನೋಡಿ:

"ನಮ್ಮ ಡ್ರೈಯರ್ ಅಳವಡಿಸಿದ ಮೇಲೆ ಗ್ರಾಹಕರ ರಿಜೆಕ್ಷನ್ ಶೇ. 90ರಷ್ಟು ಇಳಿಯಿತು!"

ಇದು ಸುಳ್ಳೇ ಆಗಿರಬೇಕೆಂದಿಲ್ಲ. ಜುಲೈಯಲ್ಲಿ ನೂರಕ್ಕೆ 10 ತಟ್ಟೆ ಹಾಳಾಗುತ್ತಿತ್ತು, ಜನವರಿಯಲ್ಲಿ 1 ಹಾಳಾಯಿತು ಎಂದರೆ ಶೇ. 90 ಇಳಿಕೆಯೇ. ಆದರೆ ಜನವರಿಯಲ್ಲಿ ಡ್ರೈಯರ್ ಇಲ್ಲದ ಘಟಕದಲ್ಲೂ ಬೂಷ್ಟು ಬರುವುದಿಲ್ಲ. ಇದು ತಟ್ಟೆ ಒತ್ತುವ ಯಾರಿಗಾದರೂ ಗೊತ್ತು. ಓದುವವರು ಆ ಒಂದು ವಾಕ್ಯದಲ್ಲಿ ನಗುತ್ತಾರೆ, ಆಮೇಲೆ ಬರೆದದ್ದನ್ನು ಓದುವುದಿಲ್ಲ. ನಿಮ್ಮ ಸರಕನ್ನು ಕೊಳ್ಳುವವರಿಗೆ ತಮ್ಮ ಕೆಲಸ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹೊಗಳಿಕೆಗೆ ಅವರು ತಲೆದೂಗುವುದಿಲ್ಲ; ಪೆನ್ನು ಹಿಡಿದು ತಾವೇ ಲೆಕ್ಕ ಹಾಕಿ ನೋಡಲು ಸಾಧ್ಯವಾದರೆ ನಂಬುತ್ತಾರೆ. ಹಾಗಾಗಿ ಕೇಸ್ ಸ್ಟಡಿಯ ಮುಕ್ಕಾಲು ಪಾಲು ಕೆಲಸ ಬರೆಯಲು ಕೂರುವ ಮೊದಲೇ ಮುಗಿದಿರಬೇಕು.

ಹಂತ 1: ಯಾವ ಗ್ರಾಹಕರು?

ಅತಿ ಹೆಚ್ಚು ಲಾಭ ಕಂಡ ಗ್ರಾಹಕರನ್ನು ಹುಡುಕಬೇಡಿ. ಮುಂದೆ ನಿಮ್ಮಿಂದ ಕೊಳ್ಳಬೇಕಾದವರಿಗೆ ಅತಿ ಹತ್ತಿರ ಹೋಲುವವರನ್ನು ಹುಡುಕಿ. ದಿನಕ್ಕೆ 10,000 ತಟ್ಟೆ ಒತ್ತುವ ದೊಡ್ಡ ಘಟಕದ ಕಥೆ ದಿನಕ್ಕೆ 2,000 ಒತ್ತುವವರ ಕೈಗೆ ಹೋದರೆ, "ಅದು ಅವರಿಗಾಯ್ತು, ನಮಗಲ್ಲ" ಎಂದು ಬದಿಗಿಡುತ್ತಾರೆ.

ಇನ್ನು ಮೂರು ವಿಷಯ ನೋಡಿಕೊಳ್ಳಿ. ಆ ಗ್ರಾಹಕರು ನಿಮ್ಮ ಸರಕನ್ನು ಅದರ ಕಷ್ಟಕಾಲದಲ್ಲಿ ಪೂರ್ತಿ ಬಳಸಿರಬೇಕು. ಡ್ರೈಯರ್‌ಗಾದರೆ ಅದು ಒಂದು ಇಡೀ ಮಳೆಗಾಲ. ಎರಡನೆಯದಾಗಿ, ಕೊಳ್ಳುವ ಮೊದಲಿನ ಅಂಕಿಗಳು ಅವರ ಹತ್ತಿರ ಎಲ್ಲಾದರೂ ಬರೆದಿಟ್ಟಿರಬೇಕು, ದಿನಚರಿ ಪುಸ್ತಕದಲ್ಲೋ ಕೂಲಿ ಲೆಕ್ಕದಲ್ಲೋ. ಮೂರನೆಯದಾಗಿ, ಅವರು ನಿಮ್ಮ ನೆಂಟರೋ ಪಾಲುದಾರರೋ ಆಗಿರಬಾರದು. ಕಾಸರಗೋಡಿನಷ್ಟು ಸಣ್ಣ ಜಿಲ್ಲೆಯಲ್ಲಿ ಯಾರು ಯಾರ ಭಾವ ಎಂಬುದು ಮುಚ್ಚಿಡಲಾಗದ ಸಂಗತಿ, ಒಂದು ಮದುವೆ ಊಟದಲ್ಲಿ ಹೊರಬೀಳುತ್ತದೆ.

ನಮ್ಮ ಉದಾಹರಣೆಯ ಘಟಕ ಹೀಗಿದೆ. ದಿನಕ್ಕೆ ಸುಮಾರು 2,000 ತಟ್ಟೆ, ಮಳೆಗಾಲದ ನಾಲ್ಕು ತಿಂಗಳಲ್ಲಿ ಸುಮಾರು 100 ದಿನ ಕೆಲಸ. 2024ರ ಮೇ ಕೊನೆಗೆ ಡ್ರೈಯರ್ ಕೂಡಿಸಿದರು. ತಟ್ಟೆ ಆರಿಸುವ ಅಕ್ಕ ಒಬ್ಬರು ದಿನಾ ಸಂಜೆ ಒಳ್ಳೆಯದು ಎಷ್ಟು, ಬಿಸಾಡಿದ್ದು ಎಷ್ಟು ಎಂದು ಹಳೆ ನೋಟುಬುಕ್ಕಿನಲ್ಲಿ ಬರೆದಿಡುತ್ತಾರೆ, ಯಾಕೆಂದರೆ ಕೂಲಿ ಕೊಡುವುದು ಅದರ ಮೇಲೆ. ಇಂಥ ನೋಟುಬುಕ್ಕು ಬಂಗಾರ. ನಿಮ್ಮ ಕೇಸ್ ಸ್ಟಡಿಗೋಸ್ಕರ ಯಾರೂ ಬರೆದದ್ದಲ್ಲ, ಹಾಗಾಗಿ ಯಾರ ಪರವಾಗಿಯೂ ಇಲ್ಲ.

ಹಂತ 2: ಹೋಲಿಕೆಯನ್ನು ಸರಿಯಾಗಿ ಕಟ್ಟುವುದು

ಇಡೀ ಬರಹ ನಿಲ್ಲುವುದು, ಬೀಳುವುದು ಇಲ್ಲಿ. ನಿಯಮ ಸರಳ: ಅದೇ ತಿಂಗಳುಗಳು, ಅದೇ ಎಣಿಕೆಯ ಕ್ರಮ, ಹಾಳಾದದ್ದರ ಜತೆಗೆ ಒತ್ತಿದ ಒಟ್ಟು ಸಂಖ್ಯೆ.

ಅದೇ ತಿಂಗಳು ಎಂದರೆ 2023ರ ಜೂನ್–ಸೆಪ್ಟೆಂಬರನ್ನು 2024ರ ಜೂನ್–ಸೆಪ್ಟೆಂಬರಿಗೆ ಹೋಲಿಸಬೇಕು. ಅದೇ ಎಣಿಕೆ ಎಂದರೆ "ಹಾಳಾದದ್ದು" ಎಂಬ ಲೆಕ್ಕದೊಳಗೆ ಎರಡೂ ವರ್ಷ ಒಂದೇ ಬಗೆಯ ತಟ್ಟೆ ಸೇರಿರಬೇಕು. ಒಂದು ವರ್ಷ ಬೂಷ್ಟು ಮತ್ತು ಬಿರುಕು ಎರಡನ್ನೂ ಒಟ್ಟಿಗೆ ಬರೆದು, ಇನ್ನೊಂದು ವರ್ಷ ಬೂಷ್ಟು ಮಾತ್ರ ಬರೆದಿದ್ದರೆ ಡ್ರೈಯರ್ ಮಾಡದ ಕೆಲಸವೂ ಅದರ ಹೆಸರಿಗೆ ಬರುತ್ತದೆ. ಇದನ್ನು ಪತ್ತೆ ಮಾಡುವ ಉಪಾಯ: ನೋಟುಬುಕ್ಕು ಬರೆದವರನ್ನೇ ಕೂರಿಸಿಕೊಂಡು ಎರಡೂ ವರ್ಷದ ಒಂದೊಂದು ಪುಟ ತೆರೆದು, "ಈ 190 ಅಂತ ಬರೆದದ್ದರಲ್ಲಿ ಯಾವುದೆಲ್ಲ ಸೇರಿದೆ?" ಎಂದು ಕೇಳುವುದು. ಯಜಮಾನರನ್ನು ಕೇಳಿದರೆ "ಎಲ್ಲ ಒಂದೇ" ಎನ್ನುತ್ತಾರೆ. ಬರೆದವರಿಗೆ ಮಾತ್ರ ಗೊತ್ತು.

ನಮ್ಮ ಘಟಕದ ನೋಟುಬುಕ್ಕಿನಿಂದ ಸಿಕ್ಕಿದ್ದು ಇಷ್ಟು:

| ಅವಧಿ | ಒತ್ತಿದ ತಟ್ಟೆ | ಬೂಷ್ಟು ಹಿಡಿದದ್ದು | ನೂರಕ್ಕೆ |
|---|---|---|---|
| 2023 ಜೂನ್–ಜುಲೈ | 1,00,000 | 10,000 | 10 |
| 2023 ಆಗಸ್ಟ್–ಸೆಪ್ಟೆಂಬರ್ | 1,00,000 | 8,000 | 8 |
| 2024 ಜೂನ್–ಜುಲೈ | 1,05,000 | 4,200 | 4 |
| 2024 ಆಗಸ್ಟ್–ಸೆಪ್ಟೆಂಬರ್ | 1,05,000 | 2,100 | 2 |

ಇಡೀ ಮಳೆಗಾಲಕ್ಕೆ ನೂರಕ್ಕೆ 9 ಇದ್ದದ್ದು 3ಕ್ಕೆ ಇಳಿಯಿತು. ಇದನ್ನು "ಶೇ. 67 ಇಳಿಕೆ" ಎಂದೂ ಬರೆಯಬಹುದು, ತಪ್ಪೇನಿಲ್ಲ. ಆದರೆ ಆ ಶೇಕಡಾ ಮಾತ್ರ ಬರೆದರೆ 9ರಿಂದ 3 ಆಯಿತೋ 60ರಿಂದ 20 ಆಯಿತೋ ಎಂದು ತಿಳಿಯುವುದಿಲ್ಲ. ಎರಡಕ್ಕೂ ಡ್ರೈಯರ್ ಕೊಳ್ಳುವ ನಿರ್ಧಾರ ಬೇರೆಬೇರೆ. "ನೂರಕ್ಕೆ 9 ಹೋಗುತ್ತಿತ್ತು, ಈಗ 3 ಹೋಗುತ್ತದೆ" ಎಂದೇ ಬರೆಯಿರಿ. ಅಂಗಡಿ ಕಟ್ಟೆಯಲ್ಲಿ ಮಾತಾಡುವುದೂ ಹಾಗೆಯೇ.

ಇನ್ನೊಂದು ಪ್ರಶ್ನೆ ಓದುವವರ ತಲೆಯಲ್ಲಿ ಏಳುತ್ತದೆ: 2024ರಲ್ಲಿ ಮಳೆಯೇ ಕಮ್ಮಿ ಇತ್ತೋ ಏನೋ? ಇದಕ್ಕೆ ಉತ್ತರ ಹವಾಮಾನ ಇಲಾಖೆಯ ಲೆಕ್ಕದಲ್ಲಿದೆ. 2023ರ ಮುಂಗಾರಿನಲ್ಲಿ ಕೇರಳದ ಮಳೆ ವಾಡಿಕೆಗಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ ಇತ್ತು, 2024ರ ಕೊರತೆ ಅದಕ್ಕಿಂತ ಸಣ್ಣದು. ಅಂದರೆ ಡ್ರೈಯರ್ ಇಲ್ಲದ ವರ್ಷವೇ ಒಣ ವರ್ಷ, ಹೋಲಿಕೆ ಡ್ರೈಯರ್‌ಗೆ ಅನುಕೂಲವಾಗಿ ವಾಲಿಲ್ಲ. ಈ ಒಂದು ವಾಕ್ಯ ಕೇಸ್ ಸ್ಟಡಿಯಲ್ಲಿ ಇರಲೇಬೇಕು. ರಾಜ್ಯದ ಅಂಕಿಯ ಬದಲು ಜಿಲ್ಲೆಯದ್ದನ್ನೇ ತೆಗೆದು ಹಾಕಿದರೆ ಇನ್ನೂ ಒಳ್ಳೆಯದು. ಅಂಕಿ ನಿಮಗೆ ವಿರುದ್ಧವಾಗಿದ್ದಿದ್ದರೂ ಹಾಕಬೇಕಿತ್ತು. ಮಳೆ ಎಷ್ಟು ಬಂತೆಂಬುದು ಊರಿಗೆಲ್ಲ ನೆನಪಿರುವ ವಿಷಯ.

ಹಂತ 3: ಬೇರೆ ಏನು ಬದಲಾಯಿತು?

ಯಾವ ಘಟಕವೂ ಒಂದು ವರ್ಷದಲ್ಲಿ ಒಂದನ್ನೇ ಬದಲಾಯಿಸುವುದಿಲ್ಲ. ನೇರವಾಗಿ ಕೇಳಿ: ಡ್ರೈಯರ್ ಬಿಟ್ಟು ಕಳೆದ ವರ್ಷದಿಂದ ಈಚೆ ಏನೇನು ಹೊಸತು? ಹಾಳೆ ಬೇರೆ ಕಡೆಯಿಂದ ತಂದಿರಾ? ಕೆಲಸದವರು ಬದಲಾದರಾ? ಗೋದಾಮಿಗೆ ಶೀಟು ಹಾಕಿಸಿದಿರಾ?

ನಮ್ಮ ಉದಾಹರಣೆಯಲ್ಲಿ ಯಜಮಾನರು, "ಆಗಸ್ಟಿನಲ್ಲಿ ಮರದ ಹಲಗೆ ತಂದು ತಟ್ಟೆಯ ಕಟ್ಟುಗಳನ್ನು ನೆಲದಿಂದ ಮೇಲೆ ಇಟ್ಟೆವು" ಎಂದರು ಎಂದುಕೊಳ್ಳಿ. ನೆಲದ ಪಸೆ ತಪ್ಪಿದರೂ ಬೂಷ್ಟು ಕಮ್ಮಿಯಾಗುತ್ತದೆ. ಹಾಗಾದರೆ ಇಳಿಕೆಯ ಎಷ್ಟು ಪಾಲು ಹಲಗೆಯದ್ದು?

ಮೇಲಿನ ಪಟ್ಟಿಯನ್ನು ಎರಡೆರಡು ತಿಂಗಳಾಗಿ ಒಡೆದದ್ದು ಇದಕ್ಕೇ. ಜೂನ್–ಜುಲೈಯಲ್ಲಿ ಹಲಗೆ ಇರಲಿಲ್ಲ, ಡ್ರೈಯರ್ ಮಾತ್ರ ಇತ್ತು: ನೂರಕ್ಕೆ 10 ಇದ್ದದ್ದು 4 ಆಯಿತು, 6 ಇಳಿಯಿತು. ಆಗಸ್ಟ್–ಸೆಪ್ಟೆಂಬರಿನಲ್ಲಿ ಎರಡೂ ಇದ್ದವು: 8 ಇದ್ದದ್ದು 2 ಆಯಿತು, ಅಲ್ಲೂ 6. ಹಲಗೆ ಇಲ್ಲದೆಯೂ ಅಷ್ಟೇ ಇಳಿದಿದೆ ಎಂದ ಮೇಲೆ ಇಳಿಕೆಯ ದೊಡ್ಡ ಪಾಲು ಡ್ರೈಯರ್‌ದೇ ಎಂದು ಹೇಳಲು ಆಧಾರ ಸಿಕ್ಕಿತು. ಆದರೆ ಇಲ್ಲಿಗೆ ನಿಲ್ಲಿಸಬೇಕು. "ಹಲಗೆಯಿಂದ ಏನೂ ಪ್ರಯೋಜನ ಇಲ್ಲ" ಎಂದು ಬರೆದರೆ ಒಂದು ಘಟಕದ ಒಂದು ಮಳೆಗಾಲದ ಲೆಕ್ಕಕ್ಕೆ ಹೊರಲಾರದ ಭಾರ ಹೊರಿಸಿದಂತೆ. ಬರೆಯಬೇಕಾದ್ದು ಇಷ್ಟೇ: "ಆಗಸ್ಟಿನಿಂದ ಕಟ್ಟುಗಳನ್ನು ಹಲಗೆಯ ಮೇಲೂ ಇಟ್ಟರು. ಅದಕ್ಕೆ ಮೊದಲಿನ ಎರಡು ತಿಂಗಳಲ್ಲೂ ಇಳಿಕೆ ನೂರಕ್ಕೆ 6 ಇತ್ತು."

ಮಾಸಿಕ ಲೆಕ್ಕ ಸಿಗದೆ ಇಡೀ ವರ್ಷದ ಒಟ್ಟು ಮಾತ್ರ ಸಿಕ್ಕರೆ ಹೀಗೆ ಬಿಡಿಸಲು ಆಗುವುದಿಲ್ಲ. ಆಗ ಎರಡನ್ನೂ ಒಟ್ಟಿಗೆ ಹೇಳಿ, "ಡ್ರೈಯರ್ ಮತ್ತು ಹಲಗೆ ಸೇರಿ" ಎಂದು. ಫಲಿತಾಂಶ ಸ್ವಲ್ಪ ಮಂಕಾಗಿ ಕಾಣುತ್ತದೆ, ಕಾಣಲಿ.

ಹಂತ 4: ಮಾತಾಡಿಸುವುದು

ಘಟಕಕ್ಕೆ ಹೋಗಿ. ಫೋನಿನಲ್ಲಿ ಕೇಳಿದರೆ "ತುಂಬಾ ಒಳ್ಳೆದಿದೆ, ಏನೂ ತೊಂದರೆ ಇಲ್ಲ" ಎಂಬುದರ ಆಚೆ ಏನೂ ಸಿಗುವುದಿಲ್ಲ. ಯಜಮಾನರ ಜತೆ ಮುಕ್ಕಾಲು ಗಂಟೆ, ಡ್ರೈಯರ್ ನಡೆಸುವವರ ಜತೆ ಅರ್ಧ ಗಂಟೆ, ಬೇರೆಬೇರೆಯಾಗಿ. ಯಜಮಾನರ ಎದುರು ಕೆಲಸದವರು ಮೆಷಿನಿನ ದೋಷ ಹೇಳುವುದಿಲ್ಲ. ದುಡ್ಡು ಕೊಟ್ಟವರ ಆಯ್ಕೆ ತಪ್ಪು ಎಂದ ಹಾಗಾಗುತ್ತದಲ್ಲ. ಡ್ರೈಯರ್ ಮಾರಿದ ಸೇಲ್ಸ್‌ನವರನ್ನೂ ಜತೆಗೆ ಕರೆದೊಯ್ಯಬೇಡಿ.

"ನಿಮಗೆ ಖುಷಿಯಾಯಿತೇ?" ಎಂಬಂಥ ಪ್ರಶ್ನೆಗಳಿಂದ ಉಪಯೋಗವಿಲ್ಲ. ಕಣ್ಣಿಗೆ ಕಾಣುವ ವಸ್ತುವನ್ನು ತೋರಿಸಿ ಕೇಳಿ. ಉದಾಹರಣೆಗೆ:

"ಅಕ್ಕ, ಬೂಷ್ಟು ಹಿಡಿದ ತಟ್ಟೆ ಎಲ್ಲಿ ಹಾಕ್ತೀರಿ?"

"ಅಗೋ, ಆ ಗೋಣಿಗೆ. ಮೊದಲು ದಿನಾ ಸಂಜೆಗೆ ತುಂಬ್ತಿತ್ತು ಮಾರಾಯ್ರೆ. ಈಗ ಮೂರು ದಿನಕ್ಕೊಮ್ಮೆ ಬಿಸಾಡ್ತೇವೆ. ಕರೆಂಟ್ ಹೋದ ದಿನ ಮಾತ್ರ ಮೊದಲಿನ ಹಾಗೇ."

ಈ ನಾಲ್ಕು ಸಾಲಿನಲ್ಲಿ ಎರಡು ಸಂಗತಿ ಸಿಕ್ಕಿತು. ಒಂದು, ನೋಟುಬುಕ್ಕಿಗೆ ಸಾಕ್ಷಿ: ನೂರಕ್ಕೆ 9ರ ಲೆಕ್ಕದಲ್ಲಿ ದಿನಕ್ಕೆ 180 ತಟ್ಟೆ ಬಿಸಾಡುತ್ತಿದ್ದರು, ಈಗ 60ರ ಆಸುಪಾಸು. ದಿನಾ ತುಂಬುತ್ತಿದ್ದ ಗೋಣಿ ಮೂರು ದಿನಕ್ಕೆ ತುಂಬುವುದು ಅದಕ್ಕೆ ಸರಿಯಾಗಿ ಹೊಂದುತ್ತದೆ. ಅವರು "ತಿಂಗಳಿಗೊಮ್ಮೆ" ಎಂದಿದ್ದರೆ ಒಂದೋ ನೋಟುಬುಕ್ಕು ತಪ್ಪು, ಇಲ್ಲವೇ ಮಾತು ಉತ್ಪ್ರೇಕ್ಷೆ. ಆಗ ಬರೆಯುವ ಮುಂಚೆ ಮತ್ತೊಮ್ಮೆ ಎಣಿಸಬೇಕಿತ್ತು. ಎರಡು, ಕರೆಂಟ್ ಹೋದ ದಿನದ ವಿಷಯ. ಸೇಲ್ಸ್‌ನವರು ಅದನ್ನು ಹೇಳುತ್ತಿರಲಿಲ್ಲ, ಕೊಳ್ಳುವವರು ಮೊದಲು ಕೇಳುವುದೇ ಅದು.

ಯಜಮಾನರಿಗೆ ತಪ್ಪದೆ ಕೇಳಬೇಕಾದ್ದು ನಾಲ್ಕು: ಕೊಳ್ಳಲು ನಿರ್ಧರಿಸಿದ ದಿನ ಏನಾಗಿತ್ತು? ಬೇರೆ ಯಾವ ದಾರಿ ನೋಡಿದ್ದಿರಿ, ಅದನ್ನು ಯಾಕೆ ಬಿಟ್ಟಿರಿ? ಮೊದಲ ತಿಂಗಳಲ್ಲಿ ಏನು ಕೈಕೊಟ್ಟಿತು? ಇನ್ನೊಮ್ಮೆ ಕೊಳ್ಳುವುದಾದರೆ ಏನನ್ನು ಬೇರೆ ರೀತಿ ಮಾಡುತ್ತೀರಿ? ಮೊದಲ ಪ್ರಶ್ನೆಗೆ ಸಿಗುವ ಉತ್ತರ ನಿಮ್ಮ ಕರಪತ್ರದಲ್ಲಿ ಇರುವುದಕ್ಕಿಂತ ಬೇರೆಯೇ ಇರುವುದು ಹೆಚ್ಚು. ನಮ್ಮ ಘಟಕದವರು ಡ್ರೈಯರ್ ತಂದದ್ದು ದಿನದ 180 ತಟ್ಟೆಗಾಗಿ ಅಲ್ಲ. 2023ರ ಜುಲೈಯಲ್ಲಿ ಬೆಂಗಳೂರಿಗೆ ಕಳಿಸಿದ 8,000 ತಟ್ಟೆಯ ಒಂದು ಲೋಡು ಪೂರ್ತಿ ವಾಪಸು ಬಂತು, ಅದಕ್ಕಾಗಿ. ಓದುವವರನ್ನು ಹಿಡಿದು ನಿಲ್ಲಿಸುವುದು ಆ ಲೋಡು.

ಮಾತುಕತೆ ತುಳುವಿನಲ್ಲೋ ಮಲಯಾಳದಲ್ಲೋ ನಡೆದು ನೀವು ಕನ್ನಡದಲ್ಲಿ ಬರೆಯುವುದಾದರೆ, ಬರೆದ ಮಾತನ್ನು ಅವರಿಗೆ ಓದಿ ಹೇಳಿ, "ಹೌದು, ನಾನು ಹೇಳಿದ್ದು ಇದೇ" ಎನ್ನಿಸಿಕೊಳ್ಳಿ. ವ್ಯಾಕರಣ ತಿದ್ದಬಹುದು, ಹುರುಪು ಸೇರಿಸಬಾರದು. "ಪರವಾಗಿಲ್ಲ, ಕೆಲಸ ಆಗ್ತದೆ" ಎಂದವರ ಬಾಯಲ್ಲಿ "ಇದು ನಮ್ಮ ಉದ್ಯಮದ ದಿಕ್ಕನ್ನೇ ಬದಲಿಸಿತು" ಎಂದು ಹಾಕಿದರೆ ಅವರನ್ನು ಬಲ್ಲವರಿಗೆಲ್ಲ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ.

ಹಂತ 5: ದುಡ್ಡಿನ ಲೆಕ್ಕ, ಖರ್ಚು ಸಮೇತ

ಉಳಿತಾಯ ಮಾತ್ರ ತೋರಿಸಿ ಖರ್ಚನ್ನು ಮರೆತ ಕೇಸ್ ಸ್ಟಡಿಗಳೇ ಜಾಸ್ತಿ. ಪೂರ್ತಿ ಲೆಕ್ಕ ಹೀಗೆ ಮಾಡಬೇಕು.

2024ರ ಮಳೆಗಾಲದಲ್ಲಿ ಒತ್ತಿದ್ದು 2,10,000 ತಟ್ಟೆ. ಹಿಂದಿನಂತೆ ನೂರಕ್ಕೆ 9 ಹಾಳಾಗಿದ್ದರೆ 18,900 ಹೋಗುತ್ತಿತ್ತು. ಹೋದದ್ದು 6,300. ಉಳಿದದ್ದು 12,600 ತಟ್ಟೆ. ಒಂದು ತಟ್ಟೆಗೆ ಹಾಳೆ, ಕೂಲಿ, ಕರೆಂಟು ಸೇರಿ ತಯಾರಿಕೆಯ ಖರ್ಚು 3 ರೂಪಾಯಿ ಎಂದಾದರೆ ಉಳಿದದ್ದು 37,800 ರೂಪಾಯಿ. ಇಲ್ಲಿ ಮಾರುವ ಬೆಲೆ ಹಾಕುವ ಆಸೆ ಬರುತ್ತದೆ, ಮೊತ್ತ ದೊಡ್ಡದಾಗಿ ಕಾಣುತ್ತದಲ್ಲ. ಆದರೆ ಉಳಿದ ತಟ್ಟೆ ಎಲ್ಲವೂ ಮಾರಾಟವಾಯಿತು ಎಂದು ಬಿಲ್ಲಿನಲ್ಲಿ ತೋರಿಸಲಾಗದಿದ್ದರೆ ತಯಾರಿಕೆಯ ಖರ್ಚನ್ನೇ ಹಾಕಿ, ಹಾಗೆ ಹಾಕಿದ್ದೇವೆ ಎಂದು ಹೇಳಿ.

ಈಗ ಕಳೆಯುವ ಲೆಕ್ಕ. ಡ್ರೈಯರ್‌ಗೆ ಬೇರೆ ಮೀಟರ್ ಇಟ್ಟಿದ್ದರೆ ಯೂನಿಟ್ ನಿಖರವಾಗಿ ಸಿಗುತ್ತದೆ: ನಾಲ್ಕು ತಿಂಗಳಿಗೆ 1,200 ಯೂನಿಟ್, ಘಟಕದ ಬಿಲ್ಲಿನ ದರ 7 ರೂಪಾಯಿಯಂತೆ 8,400 ರೂಪಾಯಿ. ತಟ್ಟೆ ತುಂಬಿ ತೆಗೆಯಲು ದಿನಕ್ಕೆ ಒಂದು ಗಂಟೆ ಹೆಚ್ಚಿನ ಕೆಲಸ: 100 ಗಂಟೆಗೆ 60 ರೂಪಾಯಿಯಂತೆ 6,000. ಎರಡೂ ಕಳೆದರೆ ಕೈಗೆ ಉಳಿಯುವುದು 23,400 ರೂಪಾಯಿ.

ಡ್ರೈಯರ್ ಬೆಲೆ 85,000, ಅದಕ್ಕೆಂದು ಬೇರೆ ವಯರಿಂಗ್ ಮಾಡಿಸಿದ್ದು 10,000. ಒಟ್ಟು 95,000. ಹಾಕಿದ ದುಡ್ಡು ವಾಪಸಾಗಲು ಸುಮಾರು ನಾಲ್ಕು ಮಳೆಗಾಲ ಬೇಕು.

ಮಾರುವವರ ಎದೆ ಇಲ್ಲಿ ಧಸಕ್ಕೆನ್ನುತ್ತದೆ: ನಾಲ್ಕು ವರ್ಷ ಎಂದು ಬರೆದರೆ ಯಾರು ಕೊಳ್ಳುತ್ತಾರೆ? ವಾಪಸು ಬಂದ ಲೋಡನ್ನು ಈಗ ಪಕ್ಕದಲ್ಲಿಡಿ. 8,000 ತಟ್ಟೆಗೆ 24,000 ರೂಪಾಯಿ, ಹೋಗಿ ಬರುವ ಲಾರಿ ಬಾಡಿಗೆ ಬೇರೆ. ಇದು ದಿನದ ಆರಿಸುವಿಕೆಯ ಲೆಕ್ಕದಲ್ಲಿ ಸೇರಿಲ್ಲ. ವರ್ಷಕ್ಕೊಂದು ಲೋಡು ಹೀಗೆ ತಪ್ಪುತ್ತದೆ ಎಂದಿಟ್ಟರೆ ನಾಲ್ಕು ಮಳೆಗಾಲ ಎರಡಾಗುತ್ತದೆ. ಆದರೆ ಆದದ್ದು ಒಂದೇ ಸಲ, ಪ್ರತಿ ವರ್ಷ ಆಗುತ್ತಿತ್ತೆಂದು ಹೇಳಲು ಯಾರ ಹತ್ತಿರವೂ ಪುರಾವೆ ಇಲ್ಲ. ಹಾಗಾಗಿ ಎರಡನ್ನೂ ಕೂಡಿಸಬೇಡಿ. ಪಕ್ಕಪಕ್ಕ ಇಟ್ಟು, ಕೂಡಿಸುವುದನ್ನು ಓದುವವರಿಗೆ ಬಿಡಿ. ಲೋಡು ವಾಪಸು ಬಂದ ನೋವು ಕಂಡವರು ತಾವೇ ಕೂಡಿಸಿಕೊಳ್ಳುತ್ತಾರೆ. ತಾವು ಹಾಕಿದ ಲೆಕ್ಕವನ್ನು ಅವರು ಅನುಮಾನಿಸುವುದಿಲ್ಲ. ಲೋಡು ಎಂದೂ ವಾಪಸು ಬರದವರಿಗೆ ನಿಮ್ಮ ಡ್ರೈಯರ್ ನಿಜವಾಗಿಯೂ ಅಷ್ಟು ತುರ್ತಿನದಲ್ಲ. ಅಂಥವರನ್ನು ಒತ್ತಾಯಿಸಿ ಮಾರಿದರೆ ಮುಂದಿನ ಕೇಸ್ ಸ್ಟಡಿಗೆ ಅವರು ಸಿಗುವುದಿಲ್ಲ.

ಹಂತ 6: ಕೈಕೊಟ್ಟದ್ದನ್ನು ಎಲ್ಲಿ, ಹೇಗೆ ಹೇಳುವುದು

ತೊಂದರೆಯನ್ನು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ತುರುಕಬೇಡಿ. ಹಾಗೆಯೇ "ಆರಂಭದಲ್ಲಿ ಸಣ್ಣಪುಟ್ಟ ಸವಾಲುಗಳಿದ್ದವು" ಎಂಬ ವಾಕ್ಯವೂ ಬೇಡ. ತೊಂದರೆ ಏನು, ಕಾರಣ ಏನು, ಈಗ ಹೇಗಿದೆ ಎಂದು ನೇರವಾಗಿ ಬರೆಯಿರಿ.

ನಮ್ಮ ಘಟಕದಲ್ಲಿ ಮೊದಲ ಎರಡು ವಾರ ಬೂಷ್ಟು ಕಮ್ಮಿಯಾಗಲೇ ಇಲ್ಲ. ಕಾರಣ: ಸಂಜೆ ಡ್ರೈಯರ್‌ನಿಂದ ತೆಗೆದ ತಟ್ಟೆಗಳನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಮರುದಿನ ಬೆಳಿಗ್ಗೆ ಕಟ್ಟು ಕಟ್ಟುತ್ತಿದ್ದರು. ಒಣಗಿದ ಹಾಳೆ ಗಾಳಿಯ ತೇವವನ್ನು ಮತ್ತೆ ಹೀರಿಕೊಳ್ಳುತ್ತದೆ, ಜೂನ್ ತಿಂಗಳ ರಾತ್ರಿಯಲ್ಲಂತೂ ಕೇಳುವುದೇ ಬೇಡ. ತೆಗೆದ ಕೂಡಲೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಲು ಶುರು ಮಾಡಿದ ಮೇಲೆ ಸರಿಯಾಯಿತು. ಇದನ್ನು ಬರೆದರೆ ಓದುವವರಿಗೆ ಎರಡು ಲಾಭ: ಬರೆದವರು ಘಟಕದೊಳಗೆ ನಿಂತು ನೋಡಿದ್ದಾರೆ ಎಂದು ತಿಳಿಯುತ್ತದೆ, ತಾವು ಕೊಂಡರೆ ಆ ಎರಡು ವಾರ ಉಳಿಯುತ್ತದೆ.

ಕರೆಂಟಿನದ್ದು ಸರಿಯಾಗದ ತೊಂದರೆ. ಹಾಗೇ ಬರೆಯಿರಿ: "ಕರೆಂಟ್ ಮೂರು ಗಂಟೆಗಿಂತ ಹೆಚ್ಚು ಹೋದ 11 ದಿನ ಡ್ರೈಯರ್ ನಡೆಯಲಿಲ್ಲ. ಆ ದಿನಗಳ ತಟ್ಟೆಯಲ್ಲಿ ಬೂಷ್ಟು ಹಿಂದಿನ ವರ್ಷದಷ್ಟೇ ಇತ್ತು." ಡ್ರೈಯರ್ ಯಾರಿಗೆ ಬೇಡ ಎಂಬುದಕ್ಕೂ ಒಂದು ಸಾಲು ಇರಲಿ. ಹಸಿ ಹಾಳೆಯನ್ನೇ ಸರಿಯಾಗಿ ಒಣಗಿಸದೆ ದಾಸ್ತಾನು ಮಾಡುವ ಘಟಕದಲ್ಲಿ ಒತ್ತುವ ಮುಂಚೆಯೇ ಬೂಷ್ಟು ಹಿಡಿದಿರುತ್ತದೆ, ಅಲ್ಲಿ ಒತ್ತಿದ ತಟ್ಟೆಯನ್ನು ಒಣಗಿಸಿ ಏನೂ ಸಿಗದು.

ಹಂತ 7: ಬರೆಯುವ ಕ್ರಮ

ಎರಡು ಪುಟ ಸಾಕು, ಸುಮಾರು 700ರಿಂದ 900 ಪದ. ಮೊದಲ ಪ್ಯಾರಾದಲ್ಲಿ ಘಟಕದ ಗಾತ್ರ, ಅವಧಿ, ಫಲಿತಾಂಶ, ಖರ್ಚು ನಾಲ್ಕೂ ಬಂದುಬಿಡಲಿ. ಹೀಗೆ:

"ಮುಳ್ಳೇರಿಯದ ಹತ್ತಿರದ ಈ ಘಟಕ ದಿನಕ್ಕೆ ಸುಮಾರು 2,000 ಹಾಳೆತಟ್ಟೆ ಒತ್ತುತ್ತದೆ. 2023ರ ಮಳೆಗಾಲದಲ್ಲಿ ನೂರಕ್ಕೆ 9 ತಟ್ಟೆ ಬೂಷ್ಟು ಹಿಡಿದು ಹೋಗುತ್ತಿತ್ತು, ಬೆಂಗಳೂರಿಗೆ ಹೋದ ಒಂದು ಲೋಡು ಪೂರ್ತಿ ವಾಪಸು ಬಂತು. 2024ರಲ್ಲಿ ಡ್ರೈಯರ್ ಕೂಡಿಸಿದ ಮೇಲೆ ನೂರಕ್ಕೆ 3 ಹೋಯಿತು, ಲೋಡು ಯಾವುದೂ ವಾಪಸು ಬರಲಿಲ್ಲ. ಒಟ್ಟು ಹಾಕಿದ ದುಡ್ಡು 95,000 ರೂಪಾಯಿ."

ನಿಮ್ಮ ಕಂಪೆನಿ ಯಾವಾಗ ಶುರುವಾಯಿತು, ನಿಮ್ಮ ಧ್ಯೇಯ ಏನು ಎಂಬುದಕ್ಕೆ ಇಲ್ಲಿ ಜಾಗವಿಲ್ಲ. ಆಮೇಲೆ ವಾಪಸು ಬಂದ ಲೋಡು, ಯಜಮಾನರು ನೋಡಿ ಬಿಟ್ಟ ಬೇರೆ ದಾರಿಗಳು, ಡ್ರೈಯರ್ ಕೂಡಿಸಿದ್ದು ಮತ್ತು ಕೈಕೊಟ್ಟ ಎರಡು ವಾರ, ಪಟ್ಟಿ, ಮಳೆ ಮತ್ತು ಹಲಗೆಯ ಮಾತು, ದುಡ್ಡಿನ ಲೆಕ್ಕ, ಯಾರಿಗೆ ಬೇಡ ಎಂಬ ಸಾಲು. ಫೋಟೋ ಒಂದೇ ಹಾಕುವುದಾದರೆ ಹೊಸ ಡ್ರೈಯರ್ ಪಕ್ಕ ಯಜಮಾನರು ನಗುತ್ತ ನಿಂತದ್ದು ಬೇಡ; ನೋಟುಬುಕ್ಕಿನ ಎರಡು ಪುಟ ಹಾಕಿ, ಕೆಲಸದವರ ಹೆಸರು, ಕೂಲಿ ಮುಚ್ಚಿ.

ಹಂತ 8: ಒಪ್ಪಿಗೆ

ಬರೆದು ಮುಗಿದ ಮೇಲೆ ಗ್ರಾಹಕರಿಗೆ ಪೂರ್ತಿ ಪ್ರತಿ ಕೊಡಿ, ಓದಲು ಒಂದು ವಾರ ಬಿಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ವಾಟ್ಸ್ಆ್ಯಪ್ ಸಂದೇಶವಾದರೂ ಸರಿ, ಆದರೆ ಹೆಸರು, ಊರು, ಅಂಕಿ, ಫೋಟೋ ಯಾವುದಕ್ಕೆಲ್ಲ ಒಪ್ಪಿದ್ದಾರೆ ಎಂಬುದು ಸ್ಪಷ್ಟ ಇರಲಿ. ಹೆಚ್ಚಿನವರು ದುಡ್ಡಿನ ಅಂಕಿಗೆ ಹಿಂದೆಮುಂದೆ ನೋಡುತ್ತಾರೆ. ತಟ್ಟೆಗೆ 3 ರೂಪಾಯಿ ಖರ್ಚು ಎಂದು ಅಚ್ಚಾದರೆ ಅವರಿಂದ ತಟ್ಟೆ ಕೊಳ್ಳುವವರು ನಾಳೆ ಬೆಲೆ ಚೌಕಾಸಿಗೆ ಅದನ್ನೇ ಹಿಡಿಯುತ್ತಾರೆ. ಆ ಭಯ ನ್ಯಾಯವಾದದ್ದು. ಆಗ ತಟ್ಟೆಯ ಸಂಖ್ಯೆ ಮಾತ್ರ ಕೊಟ್ಟು, "ನಿಮ್ಮ ತಯಾರಿಕೆಯ ಖರ್ಚಿನಿಂದ ಗುಣಿಸಿ" ಎಂದು ಬಿಡಿ. ನಂಬಿಕೆ ಕಮ್ಮಿಯಾಗುವುದಿಲ್ಲ.

ಹೆಸರೇ ಬೇಡ ಎಂದರೆ ಘಟಕದ ಗಾತ್ರ, ತಾಲೂಕು, ಬಳಸಿದ ಅವಧಿ ಇಷ್ಟನ್ನು ಉಳಿಸಿಕೊಳ್ಳಿ. ಗಂಭೀರವಾಗಿ ಕೊಳ್ಳಲು ಬಂದವರಿಗೆ ಫೋನಿನಲ್ಲಿ ಮಾತಾಡಲು ಒಪ್ಪುತ್ತಾರಾ ಎಂದೂ ಕೇಳಿ, ಬಹಳ ಜನ ಇದಕ್ಕೆ ಒಪ್ಪುತ್ತಾರೆ. ಹೆಸರೂ ಇಲ್ಲ, ಗಾತ್ರವೂ ಇಲ್ಲ, "ಕೇರಳದ ಪ್ರಮುಖ ಉತ್ಪಾದಕರೊಬ್ಬರು" ಎಂದು ಮಾತ್ರ ಬರೆಯುವ ಸ್ಥಿತಿ ಬಂದರೆ ಆ ಕೇಸ್ ಸ್ಟಡಿ ಕೈಬಿಡುವುದು ಮೇಲು.

ರಿಯಾಯಿತಿ ಕೊಟ್ಟಿದ್ದರೆ, ಡ್ರೈಯರ್ ಪುಕ್ಕಟೆ ಇಟ್ಟಿದ್ದರೆ ಅದನ್ನೂ ಬರೆಯಬೇಕು. ದಿಕ್ಕು ತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ಸರಕನ್ನು ಹೊಗಳುವವರಿಗೂ ಮಾರುವವರಿಗೂ ಸಂಬಂಧವಿದ್ದರೆ ಅದನ್ನು ಬಹಿರಂಗಪಡಿಸಬೇಕು ಎನ್ನುತ್ತದೆ. ಅದು ಸಾಮಾನ್ಯ ಗ್ರಾಹಕರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು, ಆದರೆ ವ್ಯಾಪಾರಿಗೆ ಈ ವಿಷಯದಲ್ಲಿ ಮೂಗು ಇನ್ನೂ ಚುರುಕು. "ಮೊದಲ ಗ್ರಾಹಕರಾದ್ದರಿಂದ 10,000 ರೂಪಾಯಿ ಬಿಟ್ಟಿದ್ದೇವೆ, ಮೇಲಿನ ಲೆಕ್ಕ ಪೂರ್ತಿ ಬೆಲೆಯ ಮೇಲೆ ಹಾಕಿದ್ದು" ಎಂದರೆ ಮುಗಿಯಿತು.

ಹಂತ 9: ಪರೀಕ್ಷೆ, ತಾರೀಕು

ಹೊರಗೆ ಬಿಡುವ ಮೊದಲು ಅದೇ ಕೆಲಸ ಬಲ್ಲ, ನಿಮ್ಮಿಂದ ಏನೂ ಕೊಳ್ಳದ ಒಬ್ಬರಿಗೆ ಓದಲು ಕೊಡಿ. "ಹೇಗಿದೆ?" ಎಂದು ಕೇಳಬೇಡಿ. "ಎಲ್ಲಿ ಅನುಮಾನ ಬಂತೋ ಅಲ್ಲಿ ಗೆರೆ ಎಳೆಯಿರಿ" ಎಂದು ಪೆನ್ನು ಕೊಡಿ. ಗೆರೆ ಬಿದ್ದ ಜಾಗದಲ್ಲಿ ಒಂದೋ ಅಂಕಿ ಸೇರಿಸಬೇಕು, ಇಲ್ಲವೇ ವಾಕ್ಯ ತೆಗೆಯಬೇಕು. ವಿಶೇಷಣ ಸೇರಿಸಿ ಗೆರೆ ಅಳಿಸಲಾಗುವುದಿಲ್ಲ.

ಕೊನೆಗೆ, ಮೇಲ್ಭಾಗದಲ್ಲೇ ತಾರೀಕು ಹಾಕಿ, ವರ್ಷಕ್ಕೊಮ್ಮೆ ಗ್ರಾಹಕರಿಗೆ ಫೋನ್ ಮಾಡಿ: ಡ್ರೈಯರ್ ಈಗಲೂ ನಡೆಯುತ್ತಿದೆಯೇ, ಈ ಮಳೆಗಾಲದ ಲೆಕ್ಕ ಏನು? ಎರಡನೇ ವರ್ಷದ ಸಾಲು ಪಟ್ಟಿಗೆ ಸೇರಿದರೆ ಮೊದಲ ವರ್ಷದ್ದಕ್ಕಿಂತ ಹೆಚ್ಚು ಬೆಲೆ ಅದಕ್ಕೆ. ಹೊರಗಿನ ಪರಿಸ್ಥಿತಿ ಬದಲಾದರೂ ಬರಹ ಹಳತಾಗುತ್ತದೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆಗಳಿಂದ ಆಹಾರಕ್ಕೆ ಸೇರಬಹುದಾದ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. "ನಮ್ಮ ಗ್ರಾಹಕರ ತಟ್ಟೆ ಈಗ ಅಮೆರಿಕಕ್ಕೆ ಹೋಗುತ್ತಿದೆ" ಎಂದು ಅದಕ್ಕೂ ಮೊದಲು ಬರೆದ ಸಾಲೊಂದು ಇವತ್ತಿಗೂ ಹಾಗೇ ಉಳಿದಿದ್ದರೆ, ಅದನ್ನು ಓದುವ ಘಟಕದ ಯಜಮಾನರಿಗೆ ಡ್ರೈಯರ್‌ನ ಅಂಕಿಗಳ ಮೇಲೂ ಸಂಶಯ ಬರುತ್ತದೆ. ಗ್ರಾಹಕರು ಡ್ರೈಯರ್ ಬಳಸುವುದನ್ನು ನಿಲ್ಲಿಸಿದ್ದರೆ ತಿದ್ದುಪಡಿ ಸಾಲದು. ಯಾಕೆ ನಿಲ್ಲಿಸಿದರು ಎಂದು ಕೇಳಿ ಬರೆದುಕೊಳ್ಳಿ, ಕೇಸ್ ಸ್ಟಡಿಯನ್ನು ಅದೇ ದಿನ ಇಳಿಸಿ.